ಕಾದಂಬರಿ ಬರೆಯಲು ಯಾವ ಆಪ್? ಅಧ್ಯಾಯ ಜರುಗಿಸಬೇಕು, ಬ್ಯಾಕಪ್ ತಾನಾಗಿ ಆಗಬೇಕು

ಶರಾವತಿತೀರ

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಹತ್ತಿರ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಮೂರು ವರ್ಷದಿಂದ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಊರು ಬಿಟ್ಟು ಬಂದ ಒಂದು ಮನೆಯವರ ಕಥೆ. ಇಲ್ಲಿಯವರೆಗೆ 14 ಅಧ್ಯಾಯ ಆಗಿದೆ. ಎಲ್ಲವೂ ವರ್ಡ್‌ನಲ್ಲಿ, ಒಂದೇ ಫೈಲಿನಲ್ಲಿದೆ.

ಕಥೆ ಒಂದು ಸಲ 1960ರ ದಶಕದಲ್ಲಿ, ಒಂದು ಸಲ ಈಗಿನ ಕಾಲದಲ್ಲಿ ನಡೆಯುತ್ತದೆ. ಹಾಗಾಗಿ ಅಧ್ಯಾಯಗಳನ್ನು ಹಿಂದೆ ಮುಂದೆ ಮಾಡುತ್ತಲೇ ಇರುತ್ತೇನೆ. ಕಟ್ ಮಾಡಿ ಪೇಸ್ಟ್ ಮಾಡುವಾಗ ಒಮ್ಮೆ ಅರ್ಧ ಪುಟ ಎಲ್ಲೋ ಹೋಯಿತು. ಹೋಗಿದ್ದು ಗೊತ್ತಾಗಿದ್ದು ಎರಡು ವಾರದ ಮೇಲೆ. ಹೋದ ತಿಂಗಳು ಲ್ಯಾಪ್‌ಟಾಪಿನ ಡಿಸ್ಕ್ ಕೆಟ್ಟಿತು. ಇಮೇಲಿನಲ್ಲಿ ನನಗೇ ಕಳಿಸಿಕೊಂಡ ಪ್ರತಿ ಇತ್ತು, ಆದರೆ ಅದು 11 ದಿನ ಹಳೆಯದು. ಆ 11 ದಿನದಲ್ಲಿ ಅಜ್ಜಿ ಮನೆ ಬಿಡುವ ರಾತ್ರಿಯ ದೃಶ್ಯ ಬರೆದಿದ್ದೆ. ಮತ್ತೆ ಬರೆದೆ. ಆದರೆ ಅದೇ ಮಾತುಗಳು ಬರಲಿಲ್ಲ.

ಬೇಕಾಗಿರುವುದು ಮೂರೇ. ಬರೆಯುವಾಗ ಪರದೆಯ ಮೇಲೆ ಬೇರೇನೂ ಕಾಣಬಾರದು. ಅಧ್ಯಾಯಗಳನ್ನು ಎಳೆದು ಜರುಗಿಸುವಂತಿರಬೇಕು. ನಾನು ನೆನಪಿಟ್ಟುಕೊಳ್ಳದೆ ಬ್ಯಾಕಪ್ ಆಗಬೇಕು. ವಿಂಡೋಸ್ ಲ್ಯಾಪ್‌ಟಾಪ್, ನುಡಿಯಲ್ಲಿ ಯೂನಿಕೋಡ್ ಟೈಪಿಂಗ್. ಒಂದು ಸಲ ದುಡ್ಡು ಕೊಡಬಲ್ಲೆ, ತಿಂಗಳು ತಿಂಗಳು ಕಟ್ಟುವುದು ಬೇಡ. ಬಸ್ಸಿನಲ್ಲಿ ಆಂಡ್ರಾಯ್ಡ್ ಫೋನಿನಲ್ಲೂ ಸ್ವಲ್ಪ ಬರೆಯುತ್ತೇನೆ.

ಕಾಫಿಕಟ್ಟೆ

ಇಷ್ಟಕ್ಕೆ ಹೊಸ ಆಪ್ ಯಾಕೆ ಮೇಡಂ? ಗೂಗಲ್ ಡಾಕ್ಸ್ ಸಾಕು. ಅಕ್ಷರ ಒತ್ತಿದ ಹಾಗೆ ಸೇವ್ ಆಗುತ್ತದೆ. ಈಗ ಒಂದೇ ಡಾಕ್ಯುಮೆಂಟಿನ ಒಳಗೆ ಎಡಗಡೆ ಟ್ಯಾಬ್‌ಗಳನ್ನು ಮಾಡಬಹುದು. ಅಧ್ಯಾಯಕ್ಕೊಂದು ಟ್ಯಾಬ್ ಇಟ್ಟರೆ ಎಳೆದು ಮೇಲೆ ಕೆಳಗೆ ಮಾಡಬಹುದು. ಫೋನಿನಲ್ಲೂ ಅದೇ ಫೈಲು. ಕ್ಲೌಡ್‌ನಲ್ಲಿ ಇದ್ದ ಮೇಲೆ ಬ್ಯಾಕಪ್ ಚಿಂತೆಯೇ ಇಲ್ಲ.

ಮುಂಜಾವಿನಬರಹ

ಎರಡು ಕಾಲದ ಕಥೆ ಅಂದರೆ ಅಧ್ಯಾಯ ಜೋಡಿಸೋದು ಕಷ್ಟವೇ. ನನ್ನ ಸಲಹೆ, ಒಂದು ಹಳೆಯದು, ಒಂದು ಹೊಸದು ಎಂದು ಕಟ್ಟುನಿಟ್ಟಾಗಿ ಹೋಗಬೇಡಿ. ಹಳೆಯ ಕಾಲದ ಎರಡು ಅಧ್ಯಾಯ ಒಟ್ಟಿಗೆ ಬಂದರೆ ಓದುಗರು ಆ ಊರಿನಲ್ಲಿ ನೆಲೆ ನಿಲ್ಲುತ್ತಾರೆ. ಅಧ್ಯಾಯಕ್ಕೊಂದು ಚೀಟಿ ಬರೆದು ನೆಲದ ಮೇಲೆ ಹರಡಿ ನೋಡಿ. ನಾನು ಹಾಗೇ ಮಾಡೋದು.

ಶರಾವತಿತೀರ

@ಮುಂಜಾವಿನಬರಹ, ನಾನು ಕೇಳಿದ್ದು ಆಪ್ ಬಗ್ಗೆ. ಆದರೂ ಹಳೆಯ ಎರಡು ಅಧ್ಯಾಯ ಒಟ್ಟಿಗೆ ಇಡುವ ಮಾತು ಹಿಡಿಸಿತು, ಪ್ರಯತ್ನಿಸುತ್ತೇನೆ.

@ಕಾಫಿಕಟ್ಟೆ, ನಮ್ಮಲ್ಲಿ ಮಳೆಗಾಲದಲ್ಲಿ ನೆಟ್ ದಿನಗಟ್ಟಲೆ ಇರುವುದಿಲ್ಲ. ಮತ್ತೆ ಬ್ರೌಸರ್ ತೆರೆದರೆ ಪಕ್ಕದ ಟ್ಯಾಬ್ ಕೈ ಬೀಸಿ ಕರೆಯುತ್ತದೆ. ಅದೇ ನನ್ನ ತೊಂದರೆ.

ನೀಲಿಶಾಯಿ

ನಾನು ಹನ್ನೆರಡು ವರ್ಷದಿಂದ ಅನುವಾದದ ಕೆಲಸ ಮಾಡುತ್ತಿದ್ದೇನೆ. ಎರಡು ಕಾದಂಬರಿಗಳನ್ನು ಇಂಥ ಆಪ್‌ಗಳಲ್ಲೇ ಮುಗಿಸಿದ್ದೇನೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ತಾಳ್ಮೆ ಇರಲಿ.

ಮೊದಲು ಬ್ಯಾಕಪ್. ನಿಮಗೆ ನೋವಾಗಿದ್ದು ಅಲ್ಲಿ. ಕಾಫಿಕಟ್ಟೆಯವರು ಹೇಳಿದ್ದರಲ್ಲಿ ಅರ್ಧ ಸರಿ. ಡಿಸ್ಕ್ ಕೆಟ್ಟರೆ ಕ್ಲೌಡ್ ಕಾಪಾಡುತ್ತದೆ. ಆದರೆ ಸಿಂಕ್ ಅಂದರೆ ಕನ್ನಡಿ. ನೀವು ಒಂದು ಪುಟ ಅಳಿಸಿದರೆ ಅಲ್ಲೂ ಅಳಿಯುತ್ತದೆ. ನಿಮ್ಮ ಅರ್ಧ ಪುಟ ಹೋಗಿದ್ದು ಡಿಸ್ಕ್ ಕೆಟ್ಟಿದ್ದರಿಂದ ಅಲ್ಲ, ನಿಮ್ಮದೇ ಕೈತಪ್ಪಿನಿಂದ, ಅಲ್ವಾ? ಅದಕ್ಕೆ ಬೇಕಾದದ್ದು ಹೋದ ವಾರದ ಪ್ರತಿ, ಅದರ ಹಿಂದಿನ ವಾರದ ಪ್ರತಿ. ಡಾಕ್ಸ್‌ನಲ್ಲಿ ಹಳೆಯ ಆವೃತ್ತಿಗಳು ಸಿಗುತ್ತವೆ, ನಿಜ. ಆದರೆ ಅವೂ ಅದೇ ಒಂದು ಖಾತೆಯ ಒಳಗೆ ಇರುತ್ತವೆ. ಆ ಖಾತೆಗೆ ಬೀಗ ಬಿದ್ದರೆ ಕಾದಂಬರಿಯೂ ಇಲ್ಲ, ಅದರ ಇತಿಹಾಸವೂ ಇಲ್ಲ.

ನಿಮ್ಮ ಪರಿಸ್ಥಿತಿಗೆ ನಾನು ಹೇಳುವುದು ನಾವೆಲ್‌ರೈಟರ್. ಹುಡುಕುವಾಗ novelWriter ಎಂದು ಒಂದೇ ಪದವಾಗಿ ಟೈಪ್ ಮಾಡಿ. ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಇದೆ. ನೆಟ್ ಬೇಕಿಲ್ಲ. ಎಡಗಡೆ ಅಧ್ಯಾಯಗಳ ಮರ ಇರುತ್ತದೆ, ಎಳೆದು ಜರುಗಿಸಬಹುದು. F8 ಒತ್ತಿದರೆ ಮರ, ಪಟ್ಟಿ ಎಲ್ಲ ಮಾಯವಾಗಿ ಬರಹ ಮಾತ್ರ ಉಳಿಯುತ್ತದೆ. F11 ಒತ್ತಿದರೆ ವಿಂಡೋಸಿನ ಕೆಳಗಿನ ಪಟ್ಟಿಯೂ ಮರೆಯಾಗುತ್ತದೆ. ಎರಡನ್ನೂ ಒತ್ತಿ ಕೂತರೆ ಪರದೆಯಲ್ಲಿ ನಿಮ್ಮ ವಾಕ್ಯ ಬಿಟ್ಟು ಬೇರೆ ಏನೂ ಇಲ್ಲ.

ನನಗೆ ಇದು ಇಷ್ಟವಾಗಲು ದೊಡ್ಡ ಕಾರಣ ಬೇರೆ ಇದೆ. ಪ್ರತಿ ಅಧ್ಯಾಯವೂ ಒಂದು ಸಾದಾ ಪಠ್ಯದ ಫೈಲು. ನಾಳೆ ಆ ಆಪ್ ನಿಂತೇ ಹೋದರೂ ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಫೈಲುಗಳ ಹೆಸರು ಮಾತ್ರ 13 ಅಕ್ಷರ-ಅಂಕಿಗಳ ಗಂಟು. ಯಾವುದು ಯಾವ ಅಧ್ಯಾಯ ಎಂದು ಹೆಸರು ನೋಡಿ ಗೊತ್ತಾಗುವುದಿಲ್ಲ. ಅದಕ್ಕೆ ಪ್ರಾಜೆಕ್ಟಿನ ಮುಖ್ಯ ಫೋಲ್ಡರಿನಲ್ಲಿ `ToC.txt` ಎಂಬ ಪಟ್ಟಿ ಇರುತ್ತದೆ, ಅದನ್ನು ನೋಡಿ.

ಇನ್ನು ಇದರ ಬ್ಯಾಕಪ್. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಬರೆಯುವಾಗ ಸೇವ್ ತಾನಾಗಿ ಆಗುತ್ತಿರುತ್ತದೆ. ಆದರೆ ಅದು ಬ್ಯಾಕಪ್ ಅಲ್ಲ, ಅದೇ ಫೈಲಿನ ಮೇಲೆ ಬರೆಯುವುದು. ಬ್ಯಾಕಪ್ ಆಗುವುದು ಪ್ರಾಜೆಕ್ಟ್ ಮುಚ್ಚಿದಾಗ. ಆಗ ಇಡೀ ಪ್ರಾಜೆಕ್ಟನ್ನು ತಾರೀಖು, ಹೊತ್ತು ಹಾಕಿ ಒಂದು ಜಿಪ್ ಮಾಡುತ್ತದೆ. ರಾತ್ರಿ ಸುಮ್ನೆ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ಮಲಗಿದರೆ ಪ್ರಾಜೆಕ್ಟ್ ಮುಚ್ಚಿದ ಹಾಗಲ್ಲ. ಹತ್ತು ದಿನ ಹಾಗೇ ಮಾಡಿದರೆ ಹತ್ತು ದಿನ ಜಿಪ್ ಇಲ್ಲ. ಮತ್ತೆ ನಿಮ್ಮ 11 ದಿನದ ಕಥೆಯೇ.

ಹಾಗಾಗಿ ಮೂರು ಕೆಲಸ ಮಾಡಿ. Preferences ತೆರೆದು ಬ್ಯಾಕಪ್ ಭಾಗದಲ್ಲಿ, ಪ್ರಾಜೆಕ್ಟ್ ಮುಚ್ಚುವಾಗ ಬ್ಯಾಕಪ್ ಆಗಲಿ ಎನ್ನುವುದಕ್ಕೆ ಟಿಕ್ ಇದೆಯೇ ನೋಡಿ. ಬ್ಯಾಕಪ್ ಜಾಗವನ್ನು ಕ್ಲೌಡ್ ಸಿಂಕ್ ಆಗುವ ಫೋಲ್ಡರಿಗೆ ಬದಲಿಸಿ. ಪ್ರಾಜೆಕ್ಟನ್ನು ಮಾತ್ರ ಆ ಫೋಲ್ಡರಿನಲ್ಲಿ ಇಡಬೇಡಿ, ಸಾಮಾನ್ಯ ಡಿಸ್ಕಿನಲ್ಲೇ ಇರಲಿ. ಪ್ರಾಜೆಕ್ಟ್ ಎಂದರೆ ಹತ್ತಾರು ಚಿಕ್ಕ ಫೈಲುಗಳು. ಸಿಂಕ್ ಅರ್ಧ ಆದಾಗ ನೆಟ್ ಹೋದರೆ ಕೆಲವು ಹೊಸವು, ಕೆಲವು ಹಳೆಯವು ಆಗಿ ಕಲಬೆರಕೆ ಆಗುತ್ತದೆ. ಜಿಪ್ ಆದರೆ ಒಂದೇ ಫೈಲು. ನೆಟ್ ಬಂದಾಗ ತಾನಾಗಿ ಮೇಲೆ ಹೋಗುತ್ತದೆ, ನಿಮ್ಮ ಮಳೆಗಾಲಕ್ಕೂ ಸರಿ.

ಕಡಲಾಚೆ

ನಾನು ಮೆಲ್ಬರ್ನ್‌ನಲ್ಲಿ ಇದ್ದೇನೆ, ಕನ್ನಡದಲ್ಲಿ ಕಥೆ ಬರೆಯುತ್ತೇನೆ. ನನ್ನ ಓಟು ಸ್ಕ್ರಿವನರ್‌ಗೆ. ಸುಮಾರು 60 ಡಾಲರ್, ಒಂದೇ ಸಲ ಕೊಡುವುದು. ಪ್ರಯೋಗಕ್ಕೆ 30 ದಿನ ಕೊಡುತ್ತಾರೆ. ಅದು ಬಳಸಿದ ದಿನಗಳ ಲೆಕ್ಕ, ವಾರಕ್ಕೆ ಎರಡು ದಿನ ಬರೆದರೆ ಮೂರು ತಿಂಗಳಿಗಿಂತ ಜಾಸ್ತಿ ಬರುತ್ತದೆ. ಅಧ್ಯಾಯದ ಒಳಗೆ ದೃಶ್ಯ, ಪ್ರತಿ ದೃಶ್ಯಕ್ಕೆ ಒಂದು ಚೀಟಿ, ಆ ಚೀಟಿಗಳನ್ನು ಹಲಗೆಯ ಮೇಲೆ ಜರುಗಿಸಬಹುದು. @ಮುಂಜಾವಿನಬರಹ ಅವರು ನೆಲದ ಮೇಲೆ ಮಾಡುವುದನ್ನೇ ಪರದೆಯ ಮೇಲೆ ಮಾಡಿದ ಹಾಗೆ.

ನನಗೆ ತುಂಬ ಉಪಯೋಗ ಆಗಿದ್ದು ಸ್ನ್ಯಾಪ್‌ಶಾಟ್. ಒಂದು ದೃಶ್ಯ ತಿದ್ದುವ ಮೊದಲು ಅದರ ಫೋಟೋ ತೆಗೆದ ಹಾಗೆ ಇಟ್ಟುಕೊಳ್ಳಬಹುದು. ತಿದ್ದಿದ್ದು ಹಿಡಿಸದಿದ್ದರೆ ಆ ದೃಶ್ಯವನ್ನಷ್ಟೇ ಹಿಂದಕ್ಕೆ ತರಬಹುದು. ಇಡೀ ಪ್ರಾಜೆಕ್ಟಿನ ಜಿಪ್ ಬಿಚ್ಚಬೇಕಿಲ್ಲ. ಬ್ಯಾಕಪ್ ಕೂಡ ಮುಚ್ಚಿದಾಗ ತಾನಾಗಿ ಆಗುತ್ತದೆ.

ನೀಲಿಶಾಯಿ

ಸ್ಕ್ರಿವನರ್ ಒಳ್ಳೆಯದೇ, ಸ್ನ್ಯಾಪ್‌ಶಾಟ್‌ಗೆ ಸಾಟಿ ಇಲ್ಲ. ಅದನ್ನೇ ಆರಿಸುವವರು ಒಂದು ಸೆಟ್ಟಿಂಗ್ ಮೊದಲ ದಿನವೇ ಬದಲಿಸಬೇಕು. ಅದು ಮೊದಲಿಗೆ ಇಟ್ಟುಕೊಳ್ಳುವುದು ಇತ್ತೀಚಿನ 5 ಬ್ಯಾಕಪ್ ಮಾತ್ರ. ಆರನೆಯದು ಬಂದಾಗ ಮೊದಲಿನದು ಹೋಗುತ್ತದೆ.

ಹೇಗೆ ಎಡವಟ್ಟಾಗುತ್ತದೆ ನೋಡಿ. ಸೋಮವಾರ ಸಂಜೆ ಏಳನೇ ಅಧ್ಯಾಯದ ಮೇಲೆ ಗೊತ್ತಿಲ್ಲದೆ ಬೇರೆ ಪಠ್ಯ ಪೇಸ್ಟ್ ಮಾಡಿ ಮುಚ್ಚಿದಿರಿ ಅಂದುಕೊಳ್ಳಿ. ಅದು ಒಂದನೇ ಬ್ಯಾಕಪ್, ಅದರಲ್ಲಿ ಆಗಲೇ ಏಳನೇ ಅಧ್ಯಾಯ ಇಲ್ಲ. ಮಂಗಳವಾರ ಬೆಳಿಗ್ಗೆ, ಸಂಜೆ ತೆರೆದು ಮುಚ್ಚಿದಿರಿ, ಮೂರಾಯಿತು. ಬುಧವಾರ ಮತ್ತೆರಡು, ಐದಾಯಿತು. ಗುರುವಾರ ಗಮನಕ್ಕೆ ಬಂದಾಗ ಐದು ಜಿಪ್ ಇವೆ, ಐದರಲ್ಲೂ ತಪ್ಪು ಪ್ರತಿಯೇ. ಶರಾವತಿತೀರ ಅವರಿಗೆ ಗೊತ್ತಾಗಿದ್ದು ಎರಡು ವಾರದ ಮೇಲೆ. ವಿಂಡೋಸಿನಲ್ಲಿ File, Options, Backup ಎಂದು ಹೋಗಿ ಆ ಸಂಖ್ಯೆ ಹೆಚ್ಚಿಸಿ, ಇಲ್ಲವೇ ಎಲ್ಲವನ್ನೂ ಉಳಿಸಿಕೊಳ್ಳಲು ಹೇಳಿ. ಬರೀ ಪಠ್ಯವಾದ್ದರಿಂದ ಜಾಗ ಹೆಚ್ಚು ತಿನ್ನುವುದಿಲ್ಲ. ಚಿತ್ರ, ಪಿಡಿಎಫ್ ಒಳಗೆ ತುಂಬಿಸಿದ್ದರೆ ಮಾತ್ರ ಜಿಪ್ ದಪ್ಪ ಆಗುತ್ತದೆ.

ಕನ್ನಡಕ್ಕೆ ಸಂಬಂಧಿಸಿದ್ದು ಇನ್ನೊಂದು. ಸ್ಕ್ರಿವನರ್ ಒಳಗಡೆ ಉಳಿಸುವುದು ಆರ್‌ಟಿಎಫ್ ಫೈಲಾಗಿ. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ 'ಕ' ಕಾಣುವುದಿಲ್ಲ, `\u3221` ಎಂಬ ಅಂಕಿ ಕಾಣುತ್ತದೆ. ಹೆದರಬೇಡಿ, ಬರಹ ಕೆಟ್ಟಿಲ್ಲ. ಲಿಬ್ರೆಆಫೀಸ್ ಅಥವಾ ವರ್ಡ್‌ನಲ್ಲಿ ತೆರೆದರೆ ಕನ್ನಡವೇ ಬರುತ್ತದೆ.

ಹಳೆಕೀಲಿಮಣೆ

ನಾನು ಡಿಟಿಪಿ ಮಾಡುವವನು, ಇಪ್ಪತ್ತು ವರ್ಷದ ಮೇಲಾಯಿತು. ನನ್ನ ಹತ್ತಿರ ಲೇಖಕರು ತರುವ ಫೈಲುಗಳ ಕಥೆ ಹೇಳುತ್ತೇನೆ. ಒಬ್ಬ ಹಿರಿಯರು ಹಳೆಯ ನುಡಿಯಲ್ಲಿ, ಯೂನಿಕೋಡ್ ಅಲ್ಲದ ಅಕ್ಷರದಲ್ಲಿ, 300 ಪುಟ ಟೈಪ್ ಮಾಡಿದ್ದರು. ಮಗ ಹೊಸ ಕಂಪ್ಯೂಟರ್ ತಂದ. ಅದರಲ್ಲಿ ಫಾಂಟ್ ಇರಲಿಲ್ಲ, ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ರಾಶಿ. ಕಳೆದೇ ಹೋಯಿತು ಎಂದು ಅವರು ಅತ್ತುಬಿಟ್ಟರು. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಟ್ಟೆ. ಅರ್ಕಾವತ್ತು, ಒತ್ತಕ್ಷರ ಇರುವ ಕಡೆ ಕೈಯಿಂದ ತಿದ್ದಬೇಕಾಯಿತು. ಟೀಚರ್, ನಿಮ್ಮ 14 ಅಧ್ಯಾಯವೂ ಯೂನಿಕೋಡೇ ಎಂದು ಖಚಿತವೇ? ಫಾಂಟ್ ಬದಲಿಸಿ ನೋಡಿ. ನಿರ್ಮಲ ಫಾಂಟ್ ಹಾಕಿದಾಗಲೂ ಕನ್ನಡ ಕಂಡರೆ ಸರಿ. ಇಂಗ್ಲಿಷ್ ಅಕ್ಷರ ಬಂದರೆ ಹೊಸ ಆಪ್‌ಗೆ ಹೋಗುವ ಮೊದಲು ಪರಿವರ್ತಿಸಿ.

ಶರಾವತಿತೀರ

ಸರ್, ನೀವು ಕೇಳಿದ್ದು ಒಳ್ಳೆಯದಾಯಿತು. ಮೊದಲ ಎರಡು ಅಧ್ಯಾಯ ಹಳೆಯ ಅಕ್ಷರದಲ್ಲೇ ಇತ್ತು! ಶಾಲೆಯ ಕಂಪ್ಯೂಟರಿನಲ್ಲಿ ಟೈಪ್ ಮಾಡಿದ್ದೆ. ಪರಿವರ್ತಿಸಿ ಓದಿ ನೋಡಿದೆ, ಒಟ್ಟು ಒಂಬತ್ತು ಕಡೆ ತಿದ್ದಬೇಕಾಯಿತು.

@ನೀಲಿಶಾಯಿ, ನಾವೆಲ್‌ರೈಟರ್ ಹಾಕಿಕೊಂಡೆ. F8, F11 ಎರಡೂ ಒತ್ತಿ ನಿನ್ನೆ ಒಂದು ಗಂಟೆ ಕೂತೆ. ಎಷ್ಟು ದಿನ ಆಗಿತ್ತು ಹಾಗೆ ಬರೆದು! ಆದರೆ ವರ್ಡ್ ಫೈಲನ್ನು ಒಳಗೆ ತರುವುದು ಹೇಗೆ? txt ಮಾಡಿ ತಂದರೆ ಎಲ್ಲ ಕಡೆ ???? ಬಂತು.

ನೀಲಿಶಾಯಿ

ಆ ಪ್ರಶ್ನಾರ್ಥಕ ಚಿಹ್ನೆ ಬಂದಿದ್ದು ವರ್ಡ್ ಉಳಿಸುವಾಗ. Plain Text ಎಂದು ಉಳಿಸಿದಾಗ ಒಂದು ಚಿಕ್ಕ ಕಿಟಕಿ ಬರುತ್ತದೆ. ಅದರಲ್ಲಿ Windows (Default) ಆರಿಸಿರುತ್ತದೆ. ಅದಕ್ಕೆ ಕನ್ನಡ ಗೊತ್ತಿಲ್ಲ. Other encoding ಆರಿಸಿ, ಪಟ್ಟಿಯಲ್ಲಿ Unicode (UTF-8) ಒತ್ತಿ. ಆ ???? ಫೈಲನ್ನು ಬಿಸಾಡಿ, ಅದರಿಂದ ಕನ್ನಡ ವಾಪಸ್ ಬರುವುದಿಲ್ಲ. ಮೂಲ ವರ್ಡ್ ಫೈಲು ಹಾಗೇ ಇರಲಿ.

ಉಳಿಸುವ ಮೊದಲು ವರ್ಡ್‌ನಲ್ಲೇ ಎರಡು ಕೆಲಸ ಮಾಡಿಕೊಳ್ಳಿ, ಆಮೇಲೆ ಸುಲಭ. ಒಂದು, ಹುಡುಕಿ ಬದಲಿಸುವಲ್ಲಿ `^p` ಬದಲಿಗೆ `^p^p` ಕೊಡಿ. ನಾವೆಲ್‌ರೈಟರ್‌ಗೆ ಪ್ಯಾರಾ ಬೇರೆ ಎಂದು ಗೊತ್ತಾಗುವುದು ನಡುವೆ ಖಾಲಿ ಸಾಲು ಇದ್ದಾಗ. ಇಲ್ಲದಿದ್ದರೆ ಇಡೀ ಅಧ್ಯಾಯ ಒಂದೇ ಪ್ಯಾರಾ ಆಗುತ್ತದೆ. ಎರಡು, ಪ್ರತಿ ಅಧ್ಯಾಯದ ತಲೆಬರಹದ ಮುಂದೆ ಎರಡು ಹ್ಯಾಶ್ ಮತ್ತು ಒಂದು ಖಾಲಿ ಜಾಗ ಹಾಕಿ. ದೃಶ್ಯ ಬದಲಾಗುವ ಕಡೆ ಮೂರು ಹ್ಯಾಶ್. ಹೀಗೆ:

```
## ಅಧ್ಯಾಯ 4

### ದೋಣಿ ಬರುವ ಹೊತ್ತು
```

ಒಂದು ಹೊಸ ಡಾಕ್ಯುಮೆಂಟ್ ಮಾಡಿ, ಆ txt ಫೈಲನ್ನು ಅದರೊಳಗೆ ತಂದುಕೊಳ್ಳಿ. ಆಮೇಲೆ ಮರದಲ್ಲಿ ಅದರ ಮೇಲೆ ರೈಟ್ ಕ್ಲಿಕ್ ಮಾಡಿದರೆ ತಲೆಬರಹದ ಪ್ರಕಾರ ಒಡೆಯುವ ಆಯ್ಕೆ ಸಿಗುತ್ತದೆ. ಅಲ್ಲಿ ಅಧ್ಯಾಯದ ಮಟ್ಟದವರೆಗೆ, ಅಂದರೆ ಎರಡು ಹ್ಯಾಶಿನವರೆಗೆ ಮಾತ್ರ ಎಂದು ಆರಿಸಿದರೆ 14 ಅಧ್ಯಾಯ 14 ತುಂಡಾಗುತ್ತದೆ. ಇಟಾಲಿಕ್, ಬೋಲ್ಡ್ ಹೋಗಿರುತ್ತದೆ, ಅದನ್ನು ಮತ್ತೆ ಕೈಯಿಂದ ಹಾಕಬೇಕು.

ಬೆಂಗಳೂರುಬೈಟ್

ಕ್ಲೌಡ್ ಜೊತೆಗೆ ಪೆನ್‌ಡ್ರೈವಿಗೂ ಒಂದು ಪ್ರತಿ ಇಡಿ. ಫೈಲು ನಕಲಿಸಲು ವಿಂಡೋಸಿನಲ್ಲೇ ಇರುವ robocopy ಆಜ್ಞೆ ಸಾಕು. /MIR ಹಾಕಿದರೆ ಎರಡೂ ಕಡೆ ತಾಳೆ ಇರುತ್ತದೆ. ಇದನ್ನು ಒಂದು .bat ಫೈಲು ಮಾಡಿ ಡೆಸ್ಕ್‌ಟಾಪಿನಲ್ಲಿ ಇಟ್ಟರೆ ಎರಡು ಸಲ ಕ್ಲಿಕ್ ಮಾಡಿದರೆ ಆಯಿತು.

ನೀಲಿಶಾಯಿ

ಪೆನ್‌ಡ್ರೈವ್ ಸರಿ, /MIR ಮಾತ್ರ ಬೇಡ. ಅದು ಇಲ್ಲಿ ಇಲ್ಲದ್ದನ್ನು ಅಲ್ಲೂ ಅಳಿಸುತ್ತದೆ. ಲ್ಯಾಪ್‌ಟಾಪಿನಲ್ಲಿ ಜಿಪ್‌ಗಳು ಅಕಸ್ಮಾತ್ ಅಳಿಸಿಹೋಗಿದ್ದು ಗೊತ್ತಿಲ್ಲದೆ ಕ್ಲಿಕ್ ಮಾಡಿದರೆ, ಪೆನ್‌ಡ್ರೈವಿನಲ್ಲಿ ಉಳಿದಿದ್ದ ಪ್ರತಿಗಳೂ ಹೋಗುತ್ತವೆ. /E ಹಾಕಿ. ಅದು ಹೊಸದನ್ನು ಸೇರಿಸುತ್ತದೆ, ಯಾವುದನ್ನೂ ಅಳಿಸುವುದಿಲ್ಲ.

```
robocopy "D:\Kathe\Backup" "E:\KatheBackup" /E
```

ಮೊದಲನೆಯ ಜಾಗದಲ್ಲಿ ನಿಮ್ಮ ಬ್ಯಾಕಪ್ ಫೋಲ್ಡರಿನ ವಿಳಾಸ ಹಾಕಿ. ಪೆನ್‌ಡ್ರೈವಿಗೆ ಯಾವ ಅಕ್ಷರ ಬಂದಿದೆ, E ಅಥವಾ F, ನೋಡಿ ಹಾಕಿ.

ಬೆಂಗಳೂರುಬೈಟ್

ಹೌದು, ನಾನು ಆಫೀಸಿನ ಸರ್ವರಿನ ಲೆಕ್ಕದಲ್ಲಿ ಯೋಚಿಸಿದ್ದೆ. ಇಲ್ಲಿಗೆ /E ಸರಿ.

ಕಾಫಿಕಟ್ಟೆ

ನಾನಿನ್ನೂ ಡಾಕ್ಸ್ ಸುಲಭ ಎಂದೇ ಹೇಳುತ್ತೇನೆ. ಹ್ಯಾಶ್, ಜಿಪ್, ಬ್ಯಾಟ್ ಫೈಲು, ಇಷ್ಟೆಲ್ಲ ಮಾಡುವ ಹೊತ್ತಿಗೆ ಇನ್ನೊಂದು ಅಧ್ಯಾಯ ಬರೆಯಬಹುದು. ಆದರೆ ನಿನ್ನೆ ನನ್ನ ಕಥೆಗಳನ್ನೆಲ್ಲ ಒಂದು ಸಲ ವರ್ಡ್ ಫೈಲಾಗಿ ಇಳಿಸಿ ಪೆನ್‌ಡ್ರೈವಿಗೆ ಹಾಕಿದೆ. ಒಂದೇ ಖಾತೆ ಎನ್ನುವ ಮಾತು ಮನಸ್ಸಿಗೆ ತಾಗಿತು.

ಶರಾವತಿತೀರ

ಒಂದು ವಾರ ಆಯಿತು, ಏನೇನಾಯಿತು ಎಂದು ಬರೆಯುತ್ತಿದ್ದೇನೆ.

UTF-8 ಮಾಡಿ ತಂದೆ, ಕನ್ನಡ ಸರಿಯಾಗಿ ಬಂತು. ಒಡೆದಾಗ 14ರ ಬದಲು 13 ಬಂತು. ಹನ್ನೊಂದನೇ ಅಧ್ಯಾಯದಲ್ಲಿ ಹ್ಯಾಶ್ ಆದ ಮೇಲೆ ಖಾಲಿ ಜಾಗ ಬಿಟ್ಟಿರಲಿಲ್ಲ, ಹತ್ತರ ಜೊತೆ ಅಂಟಿಕೊಂಡಿತ್ತು. ಈಗ ಹಳೆಯ ಕಾಲದ ಎರಡು ಅಧ್ಯಾಯಗಳನ್ನು ಒಟ್ಟಿಗೆ ಎಳೆದಿಟ್ಟಿದ್ದೇನೆ. ಎಳೆದದ್ದು ಅಷ್ಟೇ, ಒಂದಕ್ಷರವೂ ಕಟ್ ಮಾಡಲಿಲ್ಲ.

ದಿನಕ್ಕೆ 500 ಪದ ಎಂದು ಗುರಿ ಇಟ್ಟಿದ್ದೆ, ಇಂಗ್ಲಿಷ್ ಬರಹಗಾರರು ಹೇಳುವುದನ್ನು ಓದಿ. ಇಲ್ಲಿ ಪದಗಳ ಎಣಿಕೆ ನೋಡಿದ ಮೇಲೆ ಗೊತ್ತಾಯಿತು, 'ಹೋಗಬೇಕಾಗಿದ್ದರೂ' ಎಂಬುದು ಒಂದೇ ಪದ. ಅದನ್ನೇ ಇಂಗ್ಲಿಷಿನಲ್ಲಿ ಹೇಳಲು ನಾಲ್ಕೈದು ಪದ ಬೇಕು. ಗುರಿಯನ್ನು 300ಕ್ಕೆ ಇಳಿಸಿದೆ.

ನೀಲಿಶಾಯಿ

ಜಿಪ್ ಬಿಚ್ಚಿ ನೋಡಿದಿರಾ? ಇನ್ನೂ ನೋಡಿಲ್ಲವಾದರೆ ಇವತ್ತೇ ನೋಡಿ. ಸಾಧ್ಯವಾದರೆ ಬೇರೆ ಕಂಪ್ಯೂಟರಿನಲ್ಲಿ. ಹೊಸ ಫೋಲ್ಡರಿನಲ್ಲಿ ಬಿಚ್ಚಿ, `nwProject.nwx` ತೆರೆಯಿರಿ. ಈಗ ಬರೆಯುತ್ತಿರುವ ಫೋಲ್ಡರಿನ ಮೇಲೆ ಮಾತ್ರ ಬಿಚ್ಚಬೇಡಿ, ಹೊಸ ಬರಹದ ಮೇಲೆ ಹಳೆಯದು ಕೂರುತ್ತದೆ.

ಶರಾವತಿತೀರ

ತಮ್ಮನ ಕಂಪ್ಯೂಟರಿನಲ್ಲಿ ಮಾಡಿದೆ. ಕ್ಲೌಡ್‌ನಿಂದ ಮಂಗಳವಾರದ ಜಿಪ್ ಇಳಿಸಿ ಬಿಚ್ಚಿದೆ. 14 ಅಧ್ಯಾಯವೂ ಬಂತು, ಅಜ್ಜಿಯ ರಾತ್ರಿಯೂ ಇತ್ತು. ಆದರೆ ಬುಧವಾರ, ಗುರುವಾರದ ಜಿಪ್ ಇರಲಿಲ್ಲ! ಆ ಎರಡು ದಿನ ಮುಚ್ಚಳ ಮುಚ್ಚಿ ಎದ್ದಿದ್ದೆ. ನೀವು ಹೇಳಿದ್ದು ಓದಿದ ಮೇಲೂ. ಈಗ ಮಾನಿಟರಿನ ಅಂಚಿಗೆ 'ಮೊದಲು ಪ್ರಾಜೆಕ್ಟ್ ಮುಚ್ಚು' ಎಂದು ಚೀಟಿ ಅಂಟಿಸಿದ್ದೇನೆ.

ಉಳಿದಿದ್ದು ಫೋನು. ನಾವೆಲ್‌ರೈಟರ್ ಆಂಡ್ರಾಯ್ಡ್‌ನಲ್ಲಿ ಇಲ್ಲ. ಬಸ್ಸಿನಲ್ಲಿ ಬರೆದದ್ದನ್ನು ಏನು ಮಾಡಲಿ?

ಕಡಲಾಚೆ

ಸ್ಕ್ರಿವನರ್ ಕೂಡ ಆಂಡ್ರಾಯ್ಡ್‌ಗೆ ಇಲ್ಲ, ಐಫೋನಿಗೆ ಮಾತ್ರ. ಅಬ್ಸಿಡಿಯನ್ ನೋಡಿ. ಅದೂ ಸಾದಾ ಪಠ್ಯದ ಫೈಲುಗಳೇ, ಫೋನು, ಲ್ಯಾಪ್‌ಟಾಪ್ ಎರಡರಲ್ಲೂ ಇದೆ. ಇಡೀ ಕಾದಂಬರಿಯನ್ನೇ ಅಲ್ಲಿಗೆ ತರಬಹುದು.

ನೀಲಿಶಾಯಿ

ತರಬಹುದು, ಆದರೆ ಫೋಲ್ಡರಿನ ಫೈಲುಗಳನ್ನು ಅದು ಹೆಸರಿನ ಪ್ರಕಾರ ಜೋಡಿಸುತ್ತದೆ. ಅಧ್ಯಾಯ ಹಿಂದೆ ಮುಂದೆ ಮಾಡಲು 01, 02 ಎಂದು ಹೆಸರು ಬದಲಿಸುತ್ತಾ ಇರಬೇಕು, ಇಲ್ಲವೇ ಪ್ಲಗಿನ್ ಹಾಕಬೇಕು. ಎರಡು ಕಡೆಯಿಂದ ಒಂದೇ ಅಧ್ಯಾಯ ತಿದ್ದಿದರೆ ಸಿಂಕ್ ಗಲಾಟೆ ಮತ್ತೆ ಶುರು. ನಾನಾದರೆ ಫೋನಿನಲ್ಲಿ ಹೊಸ ತುಣುಕು ಮಾತ್ರ ಬರೆದು, ಮನೆಗೆ ಬಂದು ಅಂಟಿಸುತ್ತೇನೆ. ಹಳೆಯ ಅಧ್ಯಾಯವನ್ನು ಫೋನಿನಲ್ಲಿ ಮುಟ್ಟುವುದಿಲ್ಲ.

ಶರಾವತಿತೀರ

ನಾನು ಬಸ್ಸಿನಲ್ಲಿ ಬರೆಯುವುದು ಎಂದರೆ ಹಳೆಯದನ್ನು ಓದಿ ತಿದ್ದುವುದು. ಹೊಸದು ಬರೆಯಲು ಆ ಘಾಟಿಯ ತಿರುವಿನಲ್ಲಿ ಆಗುವುದಿಲ್ಲ. ಸದ್ಯಕ್ಕೆ ಅಧ್ಯಾಯವನ್ನು ಪಿಡಿಎಫ್ ಮಾಡಿ ಫೋನಿಗೆ ಹಾಕಿಕೊಂಡು, ತಿದ್ದಬೇಕಾದ ಜಾಗವನ್ನು ಪುಸ್ತಕದಲ್ಲಿ ಗುರುತು ಹಾಕುತ್ತೇನೆ. ಇದಕ್ಕಿಂತ ಒಳ್ಳೆಯ ದಾರಿ ಯಾರಿಗಾದರೂ ಗೊತ್ತಿದ್ದರೆ ಇಲ್ಲೇ ಬರೆಯಿರಿ.

ಹಳೆಕೀಲಿಮಣೆ

ಪಿಡಿಎಫ್ ಮಾಡುವಾಗ ಎಡಗಡೆ ಅಂಚು ಅಗಲ ಬಿಟ್ಟು, ಸಾಲಿನ ಸಂಖ್ಯೆ ಹಾಕಿಕೊಳ್ಳಿ ಟೀಚರ್. ಲಿಬ್ರೆಆಫೀಸಿನಲ್ಲಿ Tools ಒಳಗೆ Line Numbering ಇದೆ. ಪುಟ, ಸಾಲು ಬರೆದುಕೊಂಡರೆ ಮನೆಗೆ ಬಂದು ಹುಡುಕುವುದು ಸುಲಭ. ನಾವು ಕರಡು ತಿದ್ದುವುದು ಹಾಗೇ.